ರಾತ್ರಿ 1:40ಕ್ಕೆ ಉಳಿದದ್ದು 92 ಜಿಬಿ: ಮ್ಯಾನೇಜರನ್ನು ಎಬ್ಬಿಸಬೇಕೇ?

ಏಪ್ರಿಲ್ ತಿಂಗಳ ಒಂದು ರಾತ್ರಿ. ಕಲಬುರಗಿಯ ಜೇವರ್ಗಿ ರಸ್ತೆ ಕಡೆಯ ಒಂದು ಮನೆಯ ಮೇಲಿನ ಕೋಣೆಯಲ್ಲಿ ಸಪೋರ್ಟ್ ಎಂಜಿನಿಯರ್ ಒಬ್ಬಾಕೆ ನೈಟ್ ಶಿಫ್ಟ್‌ನಲ್ಲಿದ್ದಾಳೆ. ಕಂಪನಿ ಬೆಂಗಳೂರಿನದು, ಮ್ಯಾನೇಜರ್ ಮಲಗಿರುವುದೂ ಅಲ್ಲೇ. ಕಸ್ಟಮರ್ ಷಿಕಾಗೋದವರು. ಅವರ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್ ನೋಡಿಕೊಳ್ಳುವುದು ಈ ತಂಡದ ಹೊಣೆ. 1:12ಕ್ಕೆ ಅಲರ್ಟ್ ಬಂತು: ಡೇಟಾ ಡಿಸ್ಕ್ ಶೇಕಡಾ 80 ತುಂಬಿದೆ. ಮಟ್ಟ ಪಿ3, ಅಂದರೆ ತಂಡದ ನಿಯಮದಂತೆ ಬೆಳಗಿನವರು ನೋಡಿದರೂ ನಡೆಯುವಂಥದ್ದು. ಮ್ಯಾನೇಜರಿಗೆ ಫೋನ್ ಮಾಡಬೇಕಾದದ್ದು ಪಿ1ಗೆ ಮಾತ್ರ, ಮತ್ತು ಪಿ1 ಅಂದರೆ ಸರ್ವಿಸ್ ನಿಂತುಹೋಗಿರಬೇಕು. ಇಲ್ಲಿ ಸರ್ವಿಸ್ ನಡೆಯುತ್ತಲೇ ಇತ್ತು. ಆರ್ಡರ್‌ಗಳು ಬರುತ್ತಿದ್ದವು, ಯಾರೂ ದೂರಿರಲಿಲ್ಲ.

ಡಿಸ್ಕ್ ಒಟ್ಟು 500 ಜಿಬಿ. ಶೇಕಡಾ 80 ಎಂಬ ಅಂಕಿ ತಾನಾಗಿ ಏನನ್ನೂ ಹೇಳುವುದಿಲ್ಲ. ಆರು ತಿಂಗಳಿಂದ 80ರಲ್ಲೇ ನಿಂತ ಡಿಸ್ಕ್‌ಗೂ ನಿನ್ನೆ 60 ಇದ್ದು ಇಂದು 80 ಆದ ಡಿಸ್ಕ್‌ಗೂ ಒಂದೇ ಅಲರ್ಟ್ ಬರುತ್ತದೆ. ಆದ್ದರಿಂದ ಆಕೆ ಮೊದಲು ಕೇಳಿಕೊಂಡದ್ದು ಎರಡೇ ಪ್ರಶ್ನೆ: ಜಾಗ ತಿನ್ನುತ್ತಿರುವುದು ಯಾವುದು, ಎಷ್ಟು ವೇಗದಲ್ಲಿ?

```
df -h /var/lib/postgresql
sudo du -sh /var/lib/postgresql/14/main/pg_wal
```

ಉತ್ತರ ಕೂಡಲೇ ಸಿಕ್ಕಿತು. ಟೇಬಲ್‌ಗಳು ಸುಮಾರು 290 ಜಿಬಿ, ಅದು ಎಂದಿನಂತೆಯೇ ಇದೆ. ಆದರೆ ಸಾಮಾನ್ಯ ದಿನ ಕೆಲವೇ ಜಿಬಿ ಇರುವ `pg_wal` ಫೋಲ್ಡರ್ 96 ಜಿಬಿ ದಾಟಿತ್ತು. ಪೋಸ್ಟ್‌ಗ್ರೆಸ್ ತಾನು ಮಾಡುವ ಪ್ರತಿ ಬದಲಾವಣೆಯನ್ನೂ ಮೊದಲು ಈ ಫೋಲ್ಡರಿನಲ್ಲಿ, ಒಂದೊಂದು 16 ಎಂಬಿಯ ಫೈಲುಗಳಲ್ಲಿ ಬರೆದುಕೊಳ್ಳುತ್ತದೆ. ಕೆಲಸ ಮುಗಿದ ಹಳೆಯ ಫೈಲುಗಳನ್ನು ತಾನೇ ಅಳಿಸುತ್ತದೆ, ಇಲ್ಲವೇ ಮರುಬಳಸುತ್ತದೆ. ಅವು ಗುಡ್ಡೆ ಬೀಳುತ್ತಿವೆ ಅಂದರೆ ಯಾರೋ ಅವನ್ನು ಹಿಡಿದಿಟ್ಟುಕೊಂಡಿದ್ದಾರೆ ಎಂದೇ ಅರ್ಥ. ಹೀಗೆ ಹಿಡಿಯುವವರಲ್ಲಿ ಮೊದಲು ನೋಡಬೇಕಾದದ್ದು ರೆಪ್ಲಿಕೇಷನ್ ಸ್ಲಾಟ್.

```sql
SELECT slot_name, active, wal_status,
       pg_size_pretty(pg_wal_lsn_diff(
         pg_current_wal_lsn(), restart_lsn)) AS lag
FROM pg_replication_slots;
```

ಒಂದೇ ಸ್ಲಾಟ್ ಇತ್ತು. `active` ಎದುರಿಗೆ `f`, `wal_status` ಎದುರಿಗೆ `extended`, ಬಾಕಿ ಸುಮಾರು 96 ಜಿಬಿ. ಕಸ್ಟಮರ್‌ನ ಅನಲಿಟಿಕ್ಸ್ ತಂಡ ಈ ಡೇಟಾಬೇಸಿನ ಬದಲಾವಣೆಗಳನ್ನು ಒಂದು ಕನೆಕ್ಟರ್ ಮೂಲಕ ತಮ್ಮ ಡ್ಯಾಶ್‌ಬೋರ್ಡುಗಳಿಗೆ ಎಳೆದುಕೊಳ್ಳುತ್ತದೆ. ಆ ಕನೆಕ್ಟರ್ ನಿಂತಿದೆ. ಅದು ಎಲ್ಲಿಯವರೆಗೆ ಓದಿದೆ ಎಂಬ ಗುರುತೇ ಸ್ಲಾಟ್. ಓದುವವನು ಬರುವ ತನಕ ಅವನ ಪಾಲಿನದನ್ನು ಎಸೆಯುವುದಿಲ್ಲ ಎಂದು ಪೋಸ್ಟ್‌ಗ್ರೆಸ್ ಮಾತು ಕೊಟ್ಟಿದೆ. ಡಿಸ್ಕ್ ತುಂಬಿ ತಾನೇ ಸತ್ತರೂ ಆ ಮಾತು ತಪ್ಪುವುದಿಲ್ಲ. `max_slot_wal_keep_size` ಎಂಬ ಮಿತಿ 13ನೇ ಆವೃತ್ತಿಯಿಂದ ಬಂದಿದೆ ನಿಜ. ಆದರೆ ಅದರ ಮೂಲ ಬೆಲೆ -1, ಅಂದರೆ ಮಿತಿಯೇ ಇಲ್ಲ. ಈ ಸರ್ವರ್‌ನಲ್ಲೂ ಹಾಗೇ ಬಿಟ್ಟಿದ್ದರು.

ಇನ್ನು ವೇಗ. 1:20ಕ್ಕೆ 402 ಜಿಬಿ ಬಳಕೆ, 1:40ಕ್ಕೆ 408. ಇಪ್ಪತ್ತು ನಿಮಿಷಕ್ಕೆ 6 ಜಿಬಿ, ಗಂಟೆಗೆ 18. 96 ಜಿಬಿಯನ್ನು 18ರಿಂದ ಭಾಗಿಸಿದರೆ ಐದೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ಅಂದರೆ ಕನೆಕ್ಟರ್ ನಿಂತದ್ದು ಹೆಚ್ಚುಕಡಿಮೆ ಸಂಜೆ 7:50ಕ್ಕೆ, ಷಿಕಾಗೋದಲ್ಲಿ ಆಗ ಬೆಳಿಗ್ಗೆ 9:20. ಕಚೇರಿ ಶುರುವಾದ ಮೇಲೆ ಯಾರೋ ಕೈಯಾರೆ ನಿಲ್ಲಿಸಿರಬೇಕು ಎಂಬ ಊಹೆ ಇದರಿಂದಲೇ ಹುಟ್ಟಿತು. ಕಸ್ಟಮರ್‌ನ ಚಾಟಿನಲ್ಲಿ ಕೇಳಿದಾಗ ಅದೇ ನಿಜವಾಯಿತು: ಅನಲಿಟಿಕ್ಸ್ ತಂಡದವರು ಕನೆಕ್ಟರನ್ನು ಹೊಸ ಆವೃತ್ತಿಗೆ ಏರಿಸಲು ನಿಲ್ಲಿಸಿದ್ದರು, ಹೊಸದು ಎದ್ದೇಳುತ್ತಿಲ್ಲ, ಇನ್ನೊಂದು ಗಂಟೆಯಲ್ಲಿ ಆಗುತ್ತದೆ. ಇದೇ ಮಾತನ್ನು ಅವರು ತಮ್ಮವರಿಗೆ ಒಂದು ಗಂಟೆ ಹಿಂದೆಯೂ ಹೇಳಿದ್ದು ಚಾಟಿನಲ್ಲೇ ಮೇಲೆ ಕಾಣುತ್ತಿತ್ತು.

ಈಗ ಲೆಕ್ಕ. 1:40ಕ್ಕೆ ಉಳಿದ ಜಾಗ 92 ಜಿಬಿ, ಗಂಟೆಗೆ 18ರಂತೆ ಐದು ಗಂಟೆ ಚಿಲ್ಲರೆ. ಬೆಳಿಗ್ಗೆ 6:45ರ ಹೊತ್ತಿಗೆ ತುಂಬುತ್ತದೆ. ಮ್ಯಾನೇಜರ್ ಆರಕ್ಕೆ ಏಳುವವರು. ಅಂದರೆ ಕಾಯಬಹುದು, ಮುಕ್ಕಾಲು ಗಂಟೆ ಕೈಯಲ್ಲಿರುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ, ಈ ಪ್ರಕರಣದ ಅಪಾಯ ಇದ್ದದ್ದೂ ಇಲ್ಲೇ. ಇಪ್ಪತ್ತು ನಿಮಿಷದ ಅಳತೆಯನ್ನು ಐದು ಗಂಟೆಗೆ ಎಳೆದರೆ ಲೆಕ್ಕ ಸರಿ ಬರುವುದು ಆ ಐದು ಗಂಟೆಯಲ್ಲಿ ಹೊಸತೇನೂ ಆಗದಿದ್ದರೆ ಮಾತ್ರ.

ಆಕೆ ಹಿಂದಿನ ರಾತ್ರಿಯ ಗ್ರಾಫ್ ತೆರೆದಳು. ಷಿಕಾಗೋ ಸಂಜೆ ಆರಕ್ಕೆ ದಿನದ ಲೆಕ್ಕ ಹೊಂದಿಸುವ ಬ್ಯಾಚ್ ಕೆಲಸ ಓಡುತ್ತದೆ, ಒಂದು ಗಂಟೆಯಲ್ಲಿ ಸುಮಾರು 55 ಜಿಬಿ ಬರೆಯುತ್ತದೆ. ಎಂದಿನ ದಿನ ಕನೆಕ್ಟರ್ ಅದನ್ನು ಬೆನ್ನಿಗೇ ಓದಿಕೊಳ್ಳುವುದರಿಂದ ಡಿಸ್ಕ್ ಗ್ರಾಫಿನಲ್ಲಿ ಒಂದು ಸಣ್ಣ ಉಬ್ಬು ಅಷ್ಟೇ ಕಾಣುತ್ತದೆ. ಇಂದು ಅಷ್ಟೂ ಉಳಿಯುತ್ತದೆ. ಭಾರತದ ಗಡಿಯಾರದಲ್ಲಿ ಅದು 4:30. ಅಲ್ಲಿಯವರೆಗೆ ಎರಡು ಗಂಟೆ ಐವತ್ತು ನಿಮಿಷಕ್ಕೆ 51 ಜಿಬಿ ಸೇರಿ ಬಳಕೆ 459 ಆಗುತ್ತದೆ, ಉಳಿಯುವುದು 41. ಗಂಟೆಗೆ 55ರಂತೆ ಅದು ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಡಿಸ್ಕ್ ತುಂಬುವುದು 6:45ಕ್ಕಲ್ಲ, 5:15ಕ್ಕೆ. ಮ್ಯಾನೇಜರ್ ಆಗ ನಿದ್ದೆಯಲ್ಲೇ ಇರುತ್ತಾರೆ.

ತುಂಬಿದರೆ ಏನಾಗುತ್ತದೆ? `pg_wal` ಫೈಲ್ ಬರೆಯಲು ಜಾಗವಿಲ್ಲ ಎಂದಾದಾಗ ಪೋಸ್ಟ್‌ಗ್ರೆಸ್ ನಿಧಾನವಾಗುವುದಿಲ್ಲ, ನೇರ ಬೀಳುತ್ತದೆ:

```
PANIC: could not write to file "pg_wal/xlogtemp.…": No space left on device
```

ಬಿದ್ದದ್ದು ಮತ್ತೆ ಏಳಲೂ ಜಾಗ ಬೇಕು. ಈ ಗಳಿಗೆಯಲ್ಲೇ ಗಾಬರಿಯಿಂದ `pg_wal` ಒಳಗಿನ ಫೈಲುಗಳನ್ನು ಕೈಯಾರೆ ಅಳಿಸುವವರು ಇರುತ್ತಾರೆ. ಏಳಲು ಬೇಕಾದ ಫೈಲೇ ಅದರಲ್ಲಿ ಹೋದರೆ ಡೇಟಾಬೇಸ್ ಏಳುವುದಿಲ್ಲ, ಬ್ಯಾಕಪ್ಪೇ ಗತಿ. ಕೆಲವು ತಂಡಗಳು ಇದಕ್ಕೆಂದೇ ಡಿಸ್ಕಿನಲ್ಲಿ ಹತ್ತು ಜಿಬಿಯ ಸುಳ್ಳು ಫೈಲೊಂದನ್ನು ಮೊದಲೇ ಇಟ್ಟಿರುತ್ತವೆ, ತುಂಬಿದಾಗ ಅದನ್ನು ಅಳಿಸಿದರೆ ಉಸಿರಾಡಲು ಜಾಗ ಸಿಗುತ್ತದೆ. ಇಲ್ಲಿ ಅದೂ ಇರಲಿಲ್ಲ. ಹಳೆಯ ಸರ್ವರ್ ಲಾಗ್‌ಗಳನ್ನು ಅಳಿಸಿ ಆಕೆ 3 ಜಿಬಿ ಗಳಿಸಿಕೊಂಡಳು. ಬ್ಯಾಚ್ ಓಡುವ ವೇಗದಲ್ಲಿ ಅದು ಮೂರು ನಿಮಿಷದ ಜಾಗ, ಆ ಕೆಲಸಕ್ಕೆ ಹೋದದ್ದು ಹತ್ತು ನಿಮಿಷ.

ದಾರಿಗಳು ಮೂರಿದ್ದವು. ಮೊದಲನೆಯದು, ಕನೆಕ್ಟರ್ ಎದ್ದೇಳುವುದು. ಎಲ್ಲಕ್ಕಿಂತ ಒಳ್ಳೆಯದು ಇದೇ, ಆದರೆ ಕಸ್ಟಮರ್ ಕೈಯಲ್ಲಿದೆ. ಎರಡನೆಯದು, ಡಿಸ್ಕ್ ಹಿಗ್ಗಿಸುವುದು. ಕ್ಲೌಡಿನಲ್ಲಿ ಸರ್ವರ್ ನಿಲ್ಲಿಸದೆ ಕೆಲವೇ ನಿಮಿಷದಲ್ಲಿ ಆಗುತ್ತದೆ, ಡೇಟಾಗೆ ತೊಂದರೆಯಿಲ್ಲ. ಆದರೆ ಒಮ್ಮೆ ಹಿಗ್ಗಿಸಿದ ವಾಲ್ಯೂಮ್ ಮತ್ತೆ ಕುಗ್ಗುವುದಿಲ್ಲ, ತಿಂಗಳ ಬಿಲ್ ಏರುತ್ತದೆ, ಆ ಖರ್ಚಿಗೆ ಒಪ್ಪಿಗೆ ಕೊಡುವ ಅಧಿಕಾರ ಮ್ಯಾನೇಜರದು. ಮೂರನೆಯದು, ಸ್ಲಾಟನ್ನೇ ತೆಗೆದುಬಿಡುವುದು.

```sql
SELECT pg_drop_replication_slot('analytics_slot');
```

ಒಂದು ಸಾಲು. ಮುಂದಿನ ಚೆಕ್‌ಪಾಯಿಂಟ್ ಆದಾಗ ನೂರು ಜಿಬಿ ಖಾಲಿ. ಆದರೆ ಕನೆಕ್ಟರ್ ಎಲ್ಲಿಯವರೆಗೆ ಓದಿತ್ತು ಎಂಬ ಗುರುತು ಅಳಿಸಿಹೋಗುತ್ತದೆ, 290 ಜಿಬಿಯನ್ನು ಅದು ಮೊದಲಿನಿಂದ ಎಳೆಯಬೇಕಾಗುತ್ತದೆ. ಅಷ್ಟು ಹೊತ್ತೂ ಕಸ್ಟಮರ್‌ನ ಡ್ಯಾಶ್‌ಬೋರ್ಡ್ ಹಳೆಯ ಅಂಕಿ ತೋರಿಸುತ್ತದೆ. ಮಾಡಿದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ. `max_slot_wal_keep_size`ಗೆ 150 ಜಿಬಿ ಎಂದು ಬರೆದು ರೀಲೋಡ್ ಮಾಡಿ ಮಲಗಬಹುದು ಎನ್ನುವವರಿದ್ದಾರೆ. ಅದೂ ಇದೇ ನಿರ್ಧಾರ, ವೇಷ ಬೇರೆ: ಮಿತಿ ದಾಟಿದ ಮೇಲೆ ಚೆಕ್‌ಪಾಯಿಂಟಿನಲ್ಲಿ ಸ್ಲಾಟ್ `lost` ಆಗುತ್ತದೆ, ಕನೆಕ್ಟರಿಗೆ ಆಗುವ ನಷ್ಟವೂ ಅದೇ.

ಇದೇ ಹೊತ್ತಿಗೆ ಕಸ್ಟಮರ್ ಕಡೆಯ ಚಾಟಿನಲ್ಲಿದ್ದವರು ಬರೆದರು: ಸ್ಲಾಟ್ ತೆಗೆದುಬಿಡಿ, ಪರವಾಗಿಲ್ಲ. ಆಕೆಯ ಕೈಯಲ್ಲಿ ಕಮಾಂಡ್ ಇತ್ತು, ಕಸ್ಟಮರ್ ಬಾಯಿಂದ ಒಪ್ಪಿಗೆಯೂ ಬಂದಂತಿತ್ತು. ಆದರೆ ಬರೆದವರು ಅಲ್ಲಿಯ ಹೆಲ್ಪ್‌ಡೆಸ್ಕಿನವರು. ಒಪ್ಪಂದದ ಜೊತೆಗಿರುವ ಅಧಿಕೃತ ಸಂಪರ್ಕಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಡ್ಯಾಶ್‌ಬೋರ್ಡುಗಳೂ ಅವರವಲ್ಲ. ಪಕ್ಕದ ಮನೆಯವರು ಒಪ್ಪಿದರೆಂದು ಈ ಮನೆಯ ಗೋಡೆ ಒಡೆದಂತಾಗುತ್ತಿತ್ತು. ಆ ಪಟ್ಟಿ ತೆರೆದು ನೋಡಿದ್ದು ಆಕೆ ಆ ರಾತ್ರಿ ಮಾಡಿದ ಅತಿ ಒಳ್ಳೆಯ ಕೆಲಸ.

ಹೀಗೆ ಪ್ರಶ್ನೆಯ ರೂಪವೇ ಬದಲಾಯಿತು. ಇದು ಎಬ್ಬಿಸುವಷ್ಟು ದೊಡ್ಡದೇ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಸರ್ವಿಸ್ ನಡೆಯುತ್ತಿದೆ, ಪಿ3 ಎಂದೇ ಬರೆದಿದೆ. ಕೇಳಬೇಕಾದದ್ದು ಎರಡು. ಇಲ್ಲಿ ಬೇಕಾದ ತೀರ್ಮಾನ ನನ್ನ ಅಧಿಕಾರದ್ದೇ? ಅಲ್ಲದಿದ್ದರೆ, ಅಧಿಕಾರ ಇರುವವರು ತಾವಾಗಿ ಏಳುವ ಹೊತ್ತಿಗೆ ದಾರಿಗಳೆಲ್ಲ ತೆರೆದೇ ಇರುತ್ತವೆಯೇ? ಮೊದಲನೆಯದಕ್ಕೆ ಅಲ್ಲ, ಎರಡನೆಯದಕ್ಕೆ ಇಲ್ಲ. ಹಾಗಿದ್ದಮೇಲೆ ಎಬ್ಬಿಸಲೇಬೇಕು. ಯಾವಾಗ ಎಂಬುದಷ್ಟೇ ಉಳಿದದ್ದು.

ಅಲ್ಲಿ ಇನ್ನೊಂದು ಗುಂಡಿ ಇತ್ತು. ಆನ್‌ಕಾಲ್ ಹಾಳೆಯಲ್ಲಿ ಕಸ್ಟಮರ್ ಕಚೇರಿ ಮುಚ್ಚುವುದು ಭಾರತೀಯ ಸಮಯ ಬೆಳಗಿನ ಜಾವ 4:30 ಎಂದು ಬರೆದಿತ್ತು. ಅದು ಚಳಿಗಾಲದ ಲೆಕ್ಕ, ಹನ್ನೊಂದೂವರೆ ಗಂಟೆ ಅಂತರದ್ದು. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಲ್ಲಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಷಿಕಾಗೋಗೂ ನಮಗೂ ಅಂತರ ಹತ್ತೂವರೆ ಗಂಟೆ. ಅಲ್ಲಿಯ ಸಂಜೆ ಐದು ಅಂದರೆ ಇಲ್ಲಿ 3:30. ಕನೆಕ್ಟರ್ ಸರಿಮಾಡಬಲ್ಲವರು, ಸ್ಲಾಟ್ ಬಗ್ಗೆ ಹೂಂ ಅನ್ನಬಲ್ಲವರು ಎಲ್ಲರೂ ಆ ಹೊತ್ತಿಗೆ ಮನೆಗೆ ಹೊರಡುತ್ತಾರೆ. ಬ್ಯಾಚ್ ಸಮಯ ಲೆಕ್ಕ ಹಾಕುವಾಗ ಆಕೆ ಗ್ರಾಫಿನ ಗಂಟೆ ನೋಡಿದ್ದರಿಂದ ಹಾಳೆಯ ತಪ್ಪು ಸಿಕ್ಕಿತು. ನಿಜವಾದ ಗಡುವು 5:15 ಅಲ್ಲವೇ ಅಲ್ಲ, 3:30.

ಆಕೆಯ ಕಡೆಯಿಂದ ಆದ ತಪ್ಪೂ ಇದೆ. 1:45ಕ್ಕೆ ತಂಡದ ಚಾಟಿನಲ್ಲಿ ಮ್ಯಾನೇಜರಿಗೆ ಬರೆದಳು: ಸರ್, ಎದ್ದಿದ್ದರೆ ಒಮ್ಮೆ ನೋಡಿ. ಆಮೇಲೆ ಇಪ್ಪತ್ತು ನಿಮಿಷ ಕಾದಳು. ಮಲಗಿದವರಿಗೆ ಚಾಟ್ ಕಳಿಸುವುದು ಎಬ್ಬಿಸಿದಂತಲ್ಲ. ಎಬ್ಬಿಸಲು ಮನಸ್ಸಿಲ್ಲದವರು ತಾವು ತಿಳಿಸಿದ್ದೇವೆ ಎಂಬ ಸಮಾಧಾನಕ್ಕೆ ಮಾಡುವ ಕೆಲಸ ಅದು. ಆ ನಡುವೆ ಓಣಿಯ ಕರೆಂಟೂ ಹೋಯಿತು. ಇನ್ವರ್ಟರ್ ಹಿಡಿದುಕೊಂಡರೂ ರೌಟರ್ ಒಮ್ಮೆ ಆರಿ ಹೊತ್ತಿದ್ದರಿಂದ ವಿಪಿಎನ್ ಕಡಿದು, ಮತ್ತೆ ಒಳಗೆ ಹೋಗಲು ನಾಲ್ಕು ನಿಮಿಷ. ಸರ್ವರ್‌ನಲ್ಲಿ `tmux` ಒಳಗೆ ಕೆಲಸ ಮಾಡುತ್ತಿದ್ದುದರಿಂದ ತೆರೆದಿಟ್ಟ ಪರದೆಗಳು ಇದ್ದಲ್ಲೇ ಸಿಕ್ಕವು. ಬೇಸಿಗೆಯ ರಾತ್ರಿ ಈ ಕಡೆ ಇಂಥ ಕೆಲಸ ಮಾಡುವವರು ಅದಿಲ್ಲದೆ ಡಿಸ್ಕಿಗೆ ಕೈ ಹಚ್ಚಬಾರದು.

ಕರೆ ಮಾಡುವ ಮುನ್ನ ಆಕೆ ಐದು ಸಾಲಿನ ಮೆಸೇಜ್ ಬರೆದು ಮ್ಯಾನೇಜರ ಫೋನಿಗೆ ಕಳಿಸಿದಳು: ಏನಾಗಿದೆ, ಎಷ್ಟು ಹೊತ್ತಿಗೆ ತುಂಬುತ್ತದೆ, ಮೂರು ದಾರಿ, ತನ್ನ ಸಲಹೆ ಯಾವುದು, ಅವರಿಂದ ಬೇಕಾದ್ದೇನು. ನಿದ್ದೆಯಿಂದ ಎದ್ದವರಿಗೆ ಕೇಳಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಕಣ್ಣಿಗೆ ಕಾಣಬೇಕು. 2:05ಕ್ಕೆ ಮೊದಲ ಕರೆ, ರಿಂಗ್ ಆಗಿ ನಿಂತಿತು. ಕೂಡಲೇ ಇನ್ನೊಂದು. ಫೋನ್ ಡು ನಾಟ್ ಡಿಸ್ಟರ್ಬ್‌ನಲ್ಲಿದ್ದರೂ ಒಂದೇ ನಂಬರಿನಿಂದ ಮೂರು ನಿಮಿಷದೊಳಗೆ ಎರಡನೇ ಕರೆ ಬಂದರೆ ಬಿಟ್ಟುಕೊಡುವ ಸೆಟ್ಟಿಂಗ್ ಐಫೋನಿನಲ್ಲಿದೆ. ಮ್ಯಾನೇಜರ್ ಅದನ್ನು ಹಾಕಿಟ್ಟಿದ್ದರು.

"ಸರ್, ಷಿಕಾಗೋ ಕಸ್ಟಮರ್ ಡೇಟಾಬೇಸ್ ಡಿಸ್ಕ್ ಐದೂಕಾಲಕ್ಕ ತುಂಬ್ತದ್ರಿ. ಈಗ ಸರ್ವಿಸ್ ನಡೀಲತ್ತದ. ನಿಮ್ಮಿಂದ ಎರಡು ಒಪ್ಪಿಗಿ ಬೇಕ್ರಿ, ಹತ್ತು ನಿಮಿಷದ ಕೆಲಸ."

"ಹ್ಞಾಂ... ಸರಿ ಸರಿ. ಮಾಡಿ, ಮಾಡಿಬಿಡಿ."

ಇಲ್ಲಿ ಫೋನ್ ಇಟ್ಟಿದ್ದರೆ ದಾಖಲೆಗೆ ಒಪ್ಪಿಗೆ ಸಿಕ್ಕಂತೆಯೇ. ಆದರೆ ಏನು ಮಾಡಿ ಅಂದರು? ಡಿಸ್ಕ್ ಹಿಗ್ಗಿಸಲೋ, ಸ್ಲಾಟ್ ತೆಗೆಯಲೋ? ಗಾಢ ನಿದ್ದೆಯಿಂದ ಎದ್ದವರ ತಲೆ ತಿಳಿಯಾಗಲು ಹದಿನೈದು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತದೆ. ಆ ಹೊತ್ತಿನ ಹೂಂ ಅನ್ನು ಬೆಳಿಗ್ಗೆ ಯಾರೂ ನೆನಪಿಟ್ಟಿರುವುದಿಲ್ಲ.

"ಸರ್, ತಪ್ಪು ತಿಳ್ಕೋಬ್ಯಾಡ್ರಿ. ಏನ್ ಮಾಡ್ಲಿ ಅಂತ ಒಮ್ಮಿ ನೀವೇ ಹೇಳ್ರಿ. ಮೆಸೇಜ್ ಕಳಿಸೀನಿ, ನೋಡ್ರಿ."

ಆ ಕಡೆ ದೀಪ ಹಾಕಿದ ಸದ್ದು, ಸ್ವಲ್ಪ ಮೌನ. "ಒಂದ್ನಿಮಿಷ ಇರಮ್ಮ, ಮುಖ ತೊಳ್ಕೊಂಡು ಬರ್ತೀನಿ."

ಮರಳಿ ಬಂದವರು ಕೇಳಿದ ಮೊದಲ ಪ್ರಶ್ನೆ, ಎಷ್ಟು ಹಿಗ್ಗಿಸಬೇಕು ಎಂಬುದು. ಆಕೆ 200 ಜಿಬಿ ಎಂದಳು. ಬ್ಯಾಚಿಗೆ 55, ಆಮೇಲೆ ಷಿಕಾಗೋ ರಾತ್ರಿಯಲ್ಲಿ ಬರೆಯುವುದು ಕಡಿಮೆ, ಹಾಗಾಗಿ ಕನೆಕ್ಟರ್ ಏಳದಿದ್ದರೂ ಅವರ ಮರುದಿನದ ಬೆಳಿಗ್ಗೆಯವರೆಗೆ ಸಾಕು. 100 ಹಾಕಿದರೆ ಇನ್ನೊಮ್ಮೆ ಇದೇ ಕರೆ ಮಾಡಬೇಕಾದೀತು. 2:12ಕ್ಕೆ ಮ್ಯಾನೇಜರ್ ಎರಡು ಸಾಲಿನ ಮೇಲ್ ಕಳಿಸಿದರು: 500ರಿಂದ 700 ಜಿಬಿಗೆ ಹಿಗ್ಗಿಸಲು ಒಪ್ಪಿಗೆ, ಕಸ್ಟಮರ್ ಅಕೌಂಟಿನ ಹೊಣೆಗಾರರ ಲಿಖಿತ ಒಪ್ಪಿಗೆ ಬರುವ ತನಕ ಸ್ಲಾಟ್ ಮುಟ್ಟಬೇಡಿ.

ಹಿಗ್ಗಿಸುವ ಕೆಲಸದಲ್ಲಿ ಎಡವುವ ಜಾಗ ಒಂದೇ. ಕ್ಲೌಡ್ ಕನ್ಸೋಲಿನಲ್ಲಿ 700 ಎಂದು ತೋರಿಸಿದರೂ ಸರ್ವರ್‌ಗೆ ಅದು ಗೊತ್ತಿರುವುದಿಲ್ಲ. ಪಾರ್ಟಿಷನ್ ಹಿಗ್ಗಬೇಕು, ಅದರ ಮೇಲೆ ಫೈಲ್‌ಸಿಸ್ಟಮ್ ಹಿಗ್ಗಬೇಕು:

```
sudo growpart /dev/nvme1n1 1
sudo resize2fs /dev/nvme1n1p1
df -h /var/lib/postgresql
```

ಮೊದಲ ಸಾಲಿನಲ್ಲಿ ಡಿಸ್ಕ್ ಹೆಸರಿಗೂ 1ಕ್ಕೂ ನಡುವೆ ಜಾಗ ಬೇಕು, ಎರಡನೆಯದರಲ್ಲಿ ಬೇಡ. `resize2fs` ಎಕ್ಸ್ಟ್4 ಬಗೆಯ ಫೈಲ್‌ಸಿಸ್ಟಮ್‌ಗೆ; ಎಕ್ಸ್‌ಎಫ್‌ಎಸ್ ಇದ್ದರೆ `xfs_growfs`. ಕೊನೆಯ `df` 700ರ ಹತ್ತಿರ ತೋರಿಸುವ ತನಕ ಕೆಲಸ ಮುಗಿದಿಲ್ಲ. ಎರಡನೆಯದನ್ನು ಮರೆತು, ಕನ್ಸೋಲ್ ನೋಡಿ ಮಲಗಿದವರ ಡಿಸ್ಕ್ 500ಕ್ಕೇ ತುಂಬಿದ ಉದಾಹರಣೆಗಳು ಬೇಕಾದಷ್ಟಿವೆ. 2:31ಕ್ಕೆ `df` ಬದಲಾಯಿತು.

2:50ಕ್ಕೆ, ಷಿಕಾಗೋದಲ್ಲಿ 4:20 ಆಗಿದ್ದಾಗ, ಮ್ಯಾನೇಜರ್ ಕಸ್ಟಮರ್ ಅಕೌಂಟಿನ ಹೊಣೆಗಾರರ ಜೊತೆ ಮಾತಾಡಿದರು. ಸ್ಲಾಟ್ ತೆಗೆಯಬೇಡಿ, ಮರುದಿನ ಬೆಳಿಗ್ಗೆ ಡ್ಯಾಶ್‌ಬೋರ್ಡ್ ನೋಡುವ ಸಭೆಯಿದೆ ಎಂಬ ಉತ್ತರ ಬಂತು. ಹೆಲ್ಪ್‌ಡೆಸ್ಕಿನ ಪರವಾಗಿಲ್ಲ ಎಂಬ ಮಾತು ನಂಬಿದ್ದರೆ ಆ ಸಭೆಗೆ ಅಂಕಿಯೇ ಇರುತ್ತಿರಲಿಲ್ಲ. ಅನಲಿಟಿಕ್ಸ್ ತಂಡದ ಒಬ್ಬರನ್ನು ಕಚೇರಿಯಲ್ಲೇ ಉಳಿಸಿಕೊಳ್ಳುವುದಾಗಿಯೂ ಅವರು ಹೇಳಿದರು. ಮೂರು ಗಂಟೆಗೆ ಮ್ಯಾನೇಜರ್ ಮತ್ತೆ ಮಲಗಿದರು.

5:15ಕ್ಕೆ ಬಳಕೆ 500 ಜಿಬಿಯ ಆಸುಪಾಸಿನಲ್ಲಿತ್ತು, ಲೆಕ್ಕ ಹಾಕಿದಂತೆಯೇ. ಕನೆಕ್ಟರ್ ಎದ್ದದ್ದು 5:40ಕ್ಕೆ. ಸ್ಲಾಟ್ ಎದುರಿಗೆ `t` ಬಂದರೂ ಡಿಸ್ಕ್ ಕೂಡಲೇ ಇಳಿಯಲಿಲ್ಲ, ಸ್ವಲ್ಪ ಹೊತ್ತು ಏರಿತು ಕೂಡ. ಇನ್ನೂರು ಜಿಬಿಗೂ ಮಿಕ್ಕಿದ ಬಾಕಿಯನ್ನು ಅದು ಸಾಲಾಗಿ ಓದಬೇಕು, ಓದಿದೆ ಎಂದು ಗುರುತು ಮುಂದೆ ಸರಿಸಬೇಕು, ಆಮೇಲೆ ಚೆಕ್‌ಪಾಯಿಂಟ್ ಹಳೆಯ ಫೈಲುಗಳನ್ನು ತೆಗೆಯಬೇಕು. ಈ ಹೊತ್ತಿನಲ್ಲಿ ಏನೂ ಆಗುತ್ತಿಲ್ಲ ಎಂದು ಕನೆಕ್ಟರನ್ನು ಮತ್ತೆ ನಿಲ್ಲಿಸಿ ಹಚ್ಚುವುದು ಕೆಟ್ಟ ಉಪಾಯ. `restart_lsn` ಹತ್ತು ನಿಮಿಷಕ್ಕೊಮ್ಮೆ ಮುಂದೆ ಸರಿಯುತ್ತಿದೆಯೇ ಎಂದಷ್ಟೇ ನೋಡಬೇಕು. ಆಕೆ ಏಳು ಗಂಟೆಗೆ ಶಿಫ್ಟ್ ಒಪ್ಪಿಸುವಾಗ ಬರೆದಿಟ್ಟದ್ದೂ ಅದನ್ನೇ.

ಆ ವಾರ ಎರಡು ಬದಲಾವಣೆ ಆದವು. ಸ್ಲಾಟಿನ ಬಾಕಿ 20 ಜಿಬಿ ದಾಟಿದರೆ ಬೇರೆಯದೇ ಅಲರ್ಟ್ ಬರುವಂತಾಯಿತು. ಈ ಪ್ರಕರಣದಲ್ಲಿ ಅದಿದ್ದಿದ್ದರೆ ರಾತ್ರಿ ಒಂಬತ್ತಕ್ಕೇ, ಮ್ಯಾನೇಜರ್ ಊಟ ಮಾಡುತ್ತಿದ್ದಾಗಲೇ, ಗೊತ್ತಾಗುತ್ತಿತ್ತು. ಆನ್‌ಕಾಲ್ ಹಾಳೆಯಲ್ಲಿ ಕಸ್ಟಮರ್ ಸಮಯವನ್ನು ಷಿಕಾಗೋ ಗಂಟೆಯಲ್ಲೇ ಬರೆದು, ಪಕ್ಕದ ಭಾರತೀಯ ಸಮಯವನ್ನು ಹಾಳೆಯೇ ಲೆಕ್ಕ ಹಾಕುವಂತೆ ಮಾಡಿದರು. ಹೆಚ್ಚುವರಿ 200 ಜಿಬಿ ಮಾತ್ರ ಅಲ್ಲೇ ಉಳಿಯಿತು. ತಿಂಗಳ ಕೊನೆಗೆ ಬಿಲ್ ಬಂದಾಗ ಕಸ್ಟಮರ್‌ನ ಲೆಕ್ಕಪತ್ರದವರು ಇದು ಯಾರು ಹೇಳಿ ಮಾಡಿಸಿದ್ದು ಎಂದು ಕೇಳಿದರು. ಆಕೆ 2:12ರ ಮೇಲನ್ನು ಫಾರ್ವರ್ಡ್ ಮಾಡಿದಳು.